240 ಜಿಆರ್‌ಪಿ ಎಂದರೆ ಎಷ್ಟು ರೈತರು?

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನನ್ನದು ತಾಡಪತ್ರಿ, ಸ್ಪ್ರೇಯರ್ ಅಂಗಡಿ. ಭತ್ತದ ಕಟಾವಿಗೆ ಮುಂಚೆ ಎರಡು ವಾರ ಜಾಹೀರಾತು ಕೊಡಬೇಕು ಅಂತಿದ್ದೇನೆ. 24,000 ರೂಪಾಯಿ ಇಟ್ಟಿದ್ದೇನೆ. ಗಂಗಾವತಿ, ಕಾರಟಗಿ, ಕನಕಗಿರಿ ಕಡೆಯ ಸುಮಾರು 20,000 ಭತ್ತದ ರೈತರಿಗೆ ಮುಟ್ಟಬೇಕು. ಏಜೆನ್ಸಿಯವರು ಎರಡು ಪ್ಲಾನ್ ಕೊಟ್ಟರು. ಮೊದಲನೆಯದು ಪೂರ್ತಿ ಕೇಬಲ್ ಚಾನೆಲ್, 12 ದಿನ. ಎರಡನೆಯದರಲ್ಲಿ ಕೇಬಲ್ 6 ದಿನ, ಪೇಪರ್ 3 ಸಲ, ಆಟೋ ಮೈಕ್ 4 ದಿನ. ಎರಡಕ್ಕೂ 240 ಜಿಆರ್‌ಪಿ ಅಂತಾರೆ. ಮೊದಲನೆಯದರ ಸಿಪಿಎಂ 200, ಎರಡನೆಯದು 250, ಅದಕ್ಕೇ ಮೊದಲನೆಯದೇ ಅಗ್ಗ ಅಂತಾರೆ. 240 ಪರ್ಸೆಂಟ್ ಜನ ಎಲ್ಲಿಂದ ಬಂದರು? ಯಾವುದನ್ನು ಹಿಡಿಯಲಿ?

ಉತ್ತರ: ಮದುವೆ ಮನೆಯಲ್ಲಿ ಅಡುಗೆಯವರು ಎಲೆ ಎಣಿಸುವುದನ್ನು ನೋಡಿರುತ್ತೀರಿ. ಎರಡು ದಿನದ ಮದುವೆ, ಒಟ್ಟು 240 ಎಲೆ ಬಿದ್ದವು ಎಂದುಕೊಳ್ಳಿ. ಅಷ್ಟರಿಂದಲೇ 240 ಜನ ಬಂದರು ಅಂತ ಯಾರೂ ಹೇಳುವುದಿಲ್ಲ. 60 ಜನ ಬಂದು ತಲಾ ನಾಲ್ಕು ಊಟ ಮಾಡಿರಬಹುದು. 30 ಜನ ಬಂದು ತಲಾ ಎಂಟು ಊಟ ಮಾಡಿದ್ದರೂ ಎಲೆ ಅಷ್ಟೇ.

ಜಿಆರ್‌ಪಿ ಅಂದರೆ ಎಲೆಯ ಲೆಕ್ಕ. ಬಂದ ನೆಂಟರ ಲೆಕ್ಕ ರೀಚ್. ಒಬ್ಬೊಬ್ಬರು ಸರಾಸರಿ ಎಷ್ಟು ಊಟ ಮಾಡಿದರು ಅನ್ನುವುದು ಫ್ರೀಕ್ವೆನ್ಸಿ. ನಿಮಗೆ ಕೊಟ್ಟ ಎರಡು ಪ್ಲಾನ್‌ಗಳಲ್ಲಿ ಎಲೆ ಒಂದೇ, ನೆಂಟರು ಬೇರೆ. ಏಜೆನ್ಸಿಯವರು ಎಲೆ ಎಣಿಸಿ ಕೊಟ್ಟಿದ್ದಾರೆ, ನೆಂಟರನ್ನು ಎಣಿಸಿಲ್ಲ. ಆ ಎಣಿಕೆಯನ್ನು ನಾವೇ ಮಾಡೋಣ.

ಮೊದಲು ರೇಟಿಂಗ್. ನಿಮ್ಮ 20,000 ರೈತರಲ್ಲಿ ಒಂದು ಸಂಜೆ 4,000 ಜನ ಕೇಬಲ್ ಚಾನೆಲ್‌ನ ವಾರ್ತೆ ನೋಡುತ್ತಿದ್ದರೆ ಅದು ನೂರಕ್ಕೆ 20. ಆ ವಾರ್ತೆಯ ನಡುವೆ ನಿಮ್ಮ ಜಾಹೀರಾತು ಒಂದು ಸಲ ಬಂದರೆ 20 ರೇಟಿಂಗ್ ಪಾಯಿಂಟ್ ಸಿಕ್ಕಿತು. ಮರುದಿನ ಮತ್ತೆ ಬಂದರೆ ಇನ್ನೊಂದು 20. ಹೀಗೆ 12 ದಿನ ಕೂಡಿದರೆ 240, ಆ ಮೊತ್ತವೇ ಜಿಆರ್‌ಪಿ. ಎರಡನೇ ದಿನದ 20ರಲ್ಲಿ ಮೊದಲ ದಿನ ನೋಡಿದವರೇ ಎಷ್ಟು ಮಂದಿ ಇದ್ದಾರೆ ಅಂತ ಈ ಕೂಡಿಕೆ ನೋಡುವುದೇ ಇಲ್ಲ. ಅದಕ್ಕೇ ಮೊತ್ತ ನೂರು ದಾಟುತ್ತದೆ. ರೀಚ್ ಮಾತ್ರ ಯಾವತ್ತೂ ನೂರು ದಾಟುವುದಿಲ್ಲ, ಯಾಕೆಂದರೆ ಅಲ್ಲಿ ಒಬ್ಬ ಮನುಷ್ಯನನ್ನು ಒಂದೇ ಸಲ ಎಣಿಸುತ್ತೇವೆ.

ಹಾಗಾಗಿ ಈ ಮೂರರ ಸಂಬಂಧ ಇಷ್ಟೇ:

ಜಿಆರ್‌ಪಿ = ರೀಚ್ × ಸರಾಸರಿ ಫ್ರೀಕ್ವೆನ್ಸಿ

240 ಅನ್ನುವುದು 30 × 8 ಆಗಬಹುದು, 60 × 4 ಆಗಬಹುದು, 80 × 3 ಕೂಡ ಆಗಬಹುದು. ಬರೀ 240 ನೋಡಿ ಇದರಲ್ಲಿ ಯಾವುದು ಅಂತ ಹೇಳುವ ದಾರಿ ಇಲ್ಲ.

ದಾರಿ ಇರುವುದು ಜನರನ್ನು ಕೇಳುವುದರಲ್ಲಿ. ನಿಮ್ಮಂಥ ಅಂಗಡಿಗೆ ಇದು ದೊಡ್ಡ ಕೆಲಸವಲ್ಲ. ಅಂಗಡಿಯ ಹುಡುಗರಿಗೆ ಒಂದು ನೋಟ್‌ಬುಕ್ ಕೊಡಿ, 100 ಭತ್ತದ ರೈತರನ್ನು ಮಾತಾಡಿಸಲಿ. ‘ನಿನ್ನೆ ಸಂಜೆ ಕೇಬಲ್ ವಾರ್ತೆ ನೋಡಿದ್ರಾ? ವಾರದಲ್ಲಿ ಎಷ್ಟು ದಿನ ನೋಡ್ತೀರಿ? ನಿನ್ನೆ ಪೇಪರ್ ಓದಿದ್ರಾ, ಯಾವುದು? ನಿಮ್ಮೂರಿಗೆ ಆಟೋ ಮೈಕ್ ಬಂದರೆ ಆ ಹೊತ್ತಿಗೆ ಮನೆ ಹತ್ತಿರ ಇರ್ತೀರಾ?’ ಇಷ್ಟು ಸಾಕು. ‘ಜಾಹೀರಾತು ನೋಡ್ತೀರಾ’ ಅಂತ ಮಾತ್ರ ಕೇಳಬೇಡಿ. ಯಾರೂ ನೋಡ್ತೀವಿ ಅನ್ನುವುದಿಲ್ಲ, ಎಲ್ಲರೂ ನೋಡಿರುತ್ತಾರೆ. ‘ನಿನ್ನೆ’ ಅಂತ ಕೇಳುವುದಕ್ಕೂ ಕಾರಣ ಇದೆ. ‘ಸಾಮಾನ್ಯವಾಗಿ ನೋಡ್ತೀರಾ’ ಅಂದರೆ ಜನ ಮುಲಾಜಿಗೆ ಹೂಂ ಅಂದುಬಿಡುತ್ತಾರೆ. ನಿನ್ನೆಯ ಮಾತು ನೆನಪಿರುತ್ತದೆ.

ಆ ನೋಟ್‌ಬುಕ್‌ನಲ್ಲಿ ಉತ್ತರ ಹೀಗೆ ಬಂತು ಎಂದು ಇಟ್ಟುಕೊಳ್ಳೋಣ. ಅಂಕಿ ನಾನು ಲೆಕ್ಕ ತೋರಿಸಲು ಹಾಕಿದ್ದು. ನಿಮ್ಮ ನೋಟ್‌ಬುಕ್‌ನದು ಬೇರೆ ಇರುತ್ತದೆ, ಲೆಕ್ಕ ಮಾಡುವ ರೀತಿ ಬದಲಾಗುವುದಿಲ್ಲ.

ಮೊದಲ ಪ್ಲಾನ್ ತೆಗೆದುಕೊಳ್ಳಿ. ನೂರು ರೈತರಲ್ಲಿ ದಿನಕ್ಕೆ 20 ಜನ ವಾರ್ತೆ ನೋಡುತ್ತಾರೆ, ಸರಿ. ಆದರೆ ಆ 20 ಜನ ದಿನಾ ಬೇರೆ ಬೇರೆ ಅಲ್ಲ. 12 ಜನ ಒಂದು ದಿನವೂ ತಪ್ಪಿಸುವುದಿಲ್ಲ. ಅವರು ನಿಮ್ಮ ಜಾಹೀರಾತನ್ನು 12 ಸಲ ನೋಡುತ್ತಾರೆ: 144. ಇನ್ನು 12 ಜನ ಆಗಾಗ ನೋಡುವವರು, 12 ದಿನದಲ್ಲಿ 7 ದಿನ: 84. ಆರು ಜನ ಅಪರೂಪಕ್ಕೆ ಕೂರುವವರು, ಎರಡು ದಿನ: 12. ಕೂಡಿ ನೋಡಿ, 144 + 84 + 12 = 240. ಏಜೆನ್ಸಿಯ ಲೆಕ್ಕ ಸರಿಯಾಗಿಯೇ ಬಂತು.

ಈಗ ತಲೆ ಎಣಿಸಿ. 12 + 12 + 6, ಅಂದರೆ 30 ಜನ. ರೀಚ್ 30, ಫ್ರೀಕ್ವೆನ್ಸಿ 240 ÷ 30 = 8. ಉಳಿದ 70 ರೈತರಿಗೆ ನಿಮ್ಮ ಅಂಗಡಿಯ ಸುದ್ದಿಯೇ ಮುಟ್ಟಲಿಲ್ಲ.

‘ಸರಾಸರಿ ಎಂಟು ಸಲ’ ಅನ್ನುವುದೂ ಪೂರ್ತಿ ನಿಜ ಹೇಳುವುದಿಲ್ಲ. ಸರಿಯಾಗಿ ಎಂಟು ಸಲ ನೋಡಿದವರು ಇಲ್ಲಿ ಒಬ್ಬರೂ ಇಲ್ಲ. 240 ಎಲೆಯಲ್ಲಿ 144 ಎಲೆ ಬರೀ 12 ಜನರ ಮುಂದೆ ಬಿದ್ದವು. ನೀವು ಕೊಟ್ಟ 24,000ದಲ್ಲಿ 14,400 ರೂಪಾಯಿ ಈ ನೂರಕ್ಕೆ ಹನ್ನೆರಡು ಜನರಿಗೆ ಪದೇ ಪದೇ ಅದೇ ಮಾತು ಹೇಳಲು ಹೋಯಿತು. ಅವರಿಗೆ ಐದನೇ ದಿನಕ್ಕೇ ನಿಮ್ಮ ಅಂಗಡಿ ಎಲ್ಲಿದೆ, ತಾಡಪತ್ರಿ ರೇಟು ಎಷ್ಟು ಅಂತ ಬಾಯಿಪಾಠ ಆಗಿರುತ್ತದೆ.

ಈಗ ಎರಡನೆಯದು. ಕೇಬಲ್ 6 ದಿನ, ದಿನಕ್ಕೆ 20, ಒಟ್ಟು 120. ಪೇಪರ್ ಮೂರು ಸಲ, ಒಂದು ಸಲಕ್ಕೆ 16, ಒಟ್ಟು 48. ಆಟೋ ಮೈಕ್ ನಾಲ್ಕು ದಿನ, ದಿನಕ್ಕೆ 18, ಒಟ್ಟು 72. ಕೂಡಿದರೆ ಮತ್ತೆ 240.

ಒಂದೊಂದನ್ನೇ ನೋಡೋಣ. ಕೇಬಲ್ ದಿನ ಅರ್ಧಕ್ಕೆ ಇಳಿಯಿತು. ರೀಚ್ ಕೂಡ ಅರ್ಧಕ್ಕೆ, 15ಕ್ಕೆ ಇಳಿಯುತ್ತದೆ ಅನಿಸುತ್ತದೆ ಅಲ್ವಾ? ಇಳಿಯುವುದಿಲ್ಲ. ದಿನಾ ನೋಡುವ 12 ಜನ ಆರು ಸಲ ನೋಡುತ್ತಾರೆ. ಆಗಾಗ ನೋಡುವ 12 ಜನ ಮೂರೋ ನಾಲ್ಕೋ ಸಲ ನೋಡುತ್ತಾರೆ. ಅಪರೂಪದ ಆರು ಜನರಲ್ಲಿ ಮೂವರು ಕೈತಪ್ಪಿ ಹೋಗುತ್ತಾರೆ. 30 ಇದ್ದದ್ದು 27 ಆಯಿತು. ಹಣ ಅರ್ಧ ಉಳಿಯಿತು, ಹೋದವರು ಮೂರೇ ಜನ. ಒಂದೇ ಕಡೆ ಹಣ ಸುರಿಯುತ್ತಾ ಹೋದರೆ ಮೊದಲ ಕೆಲವು ದಿನಗಳಲ್ಲೇ ಸಿಗಬೇಕಾದವರು ಸಿಕ್ಕಿಬಿಡುತ್ತಾರೆ. ಆಮೇಲೆ ಹಾಕಿದ್ದೆಲ್ಲ ಅವರಿಗೇ ಮತ್ತೆ ಮತ್ತೆ ಹೋಗುತ್ತದೆ. ಈ ಪ್ರಶ್ನೆಗೆ ನಾನು ಇಷ್ಟು ಉದ್ದ ಬರೆಯಲು ಮುಖ್ಯ ಕಾರಣ ಇದೇ. ಮಾಧ್ಯಮದ ಲೆಕ್ಕದಲ್ಲಿ ಸಣ್ಣ ವ್ಯಾಪಾರಿಗಳ ಹಣ ಜಾಸ್ತಿ ಸೋರುವುದು ಈ ಜಾಗದಲ್ಲೇ.

ಪೇಪರ್ ಓದುವವರು ನೂರಕ್ಕೆ 20 ಜನ ಸಿಕ್ಕರು. 14 ಜನ ಮೂರೂ ದಿನ, 6 ಜನ ಒಂದು ದಿನ. ಆಟೋ ಎರಡು ಗುಂಪಿನ ಊರುಗಳಿಗೆ ಎರಡೆರಡು ಸಲ ಹೋಯಿತು. 40 ಜನರ ಕಿವಿಗೆ ಬಿತ್ತು: 32 ಜನರಿಗೆ ಎರಡು ಸಲ, 8 ಜನರಿಗೆ ಒಂದು ಸಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. 27 + 20 + 40 = 87, ಆದ್ದರಿಂದ ರೀಚ್ 87 ಅಂತ ಬರೆದುಬಿಡುತ್ತಾರೆ. ಕೇಬಲ್ ನೋಡಿ, ಪೇಪರೂ ಓದಿ, ಆಟೋ ಕೂಗನ್ನೂ ಕೇಳಿದ ಒಬ್ಬ ರೈತ ಇಲ್ಲಿ ಮೂರು ಜನ ಆಗಿಬಿಡುತ್ತಾನೆ. ರೇಟಿಂಗ್ ಕೂಡಬಹುದು. ರೀಚ್ ಹಾಗೆ ಕೂಡಬಾರದು.

ನೋಟ್‌ಬುಕ್ ಇಲ್ಲದಾಗ ನಮ್ಮ ಕೆಲಸದಲ್ಲಿ ಒಂದು ಅಂದಾಜು ಮಾಡುತ್ತೇವೆ. ಮುಟ್ಟಿದವರನ್ನು ಕೂಡುವ ಬದಲು, ಮುಟ್ಟದವರನ್ನು ಗುಣಿಸುತ್ತೇವೆ. ಕೇಬಲ್ ಮುಟ್ಟದವರು 0.73, ಪೇಪರ್ ಮುಟ್ಟದವರು 0.80, ಆಟೋ ಮುಟ್ಟದವರು 0.60. ಮೂರನ್ನೂ ಗುಣಿಸಿದರೆ 0.35. ಅಂದರೆ ಮೂರೂ ಕಡೆಯಿಂದ ತಪ್ಪಿಸಿಕೊಂಡವರು ನೂರಕ್ಕೆ 35. ಮುಟ್ಟಿದವರು 65. ಆದರೆ ಇದು ಒಂದು ಊಹೆಯ ಮೇಲೆ ನಿಂತಿದೆ. ಕೇಬಲ್ ನೋಡುವುದಕ್ಕೂ ಪೇಪರ್ ಓದುವುದಕ್ಕೂ ಸಂಬಂಧವೇ ಇಲ್ಲ ಅಂತ ಅದು ಹೇಳುತ್ತದೆ. ನಮ್ಮ ಊರುಗಳಲ್ಲಿ ವಾರ್ತೆ ನೋಡುವವರೇ ಪೇಪರನ್ನೂ ಓದುತ್ತಾರೆ. ಸುದ್ದಿಯ ಹುಚ್ಚು ಇರುವವರಿಗೆ ಎರಡೂ ಬೇಕು. ಹಾಗಾಗಿ ನಿಜವಾದ ರೀಚ್ ಅಂದಾಜಿಗಿಂತ ಸ್ವಲ್ಪ ಕಡಿಮೆ ಬರುತ್ತದೆ.

ನಮ್ಮ ನೋಟ್‌ಬುಕ್‌ನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಗುರುತು ಹಾಕಿ ಎಣಿಸಿದರೆ 60 ಬಂತು ಎಂದಿಟ್ಟುಕೊಳ್ಳಿ. ಫ್ರೀಕ್ವೆನ್ಸಿ 240 ÷ 60 = 4. ಅದೇ 240 ಎಲೆ, ನೆಂಟರು ಎರಡರಷ್ಟು. ನಿಮ್ಮ 20,000 ರೈತರಿಗೆ ಹೊಂದಿಸಿದರೆ ಮೊದಲ ಪ್ಲಾನ್ 6,000 ಜನರನ್ನು ಮುಟ್ಟುತ್ತದೆ, ಎರಡನೆಯದು 12,000 ಜನರನ್ನು.

ಇನ್ನು ಸಿಪಿಎಂ. ಸಾವಿರ ಸಲ ತೋರಿಸಲು ಆಗುವ ಖರ್ಚು ಅಂತ ಅರ್ಥ. ಕೊನೆಯ ‘ಎಂ’ ಮಿಲಿಯನ್ ಅಲ್ಲ, ಲ್ಯಾಟಿನ್‌ನ ‘ಮಿಲ್ಲೆ’, ಅಂದರೆ ಸಾವಿರ. ಮದುವೆಯ ಮಾತಲ್ಲಿ ಹೇಳಿದರೆ ಸಾವಿರ ಎಲೆಗೆ ಎಷ್ಟು ಖರ್ಚು ಬಿತ್ತು ಅನ್ನುವ ಲೆಕ್ಕ.

ಸಿಪಿಎಂ = ಖರ್ಚು ÷ ಒಟ್ಟು ನೋಟಗಳು × 1,000

ಏಜೆನ್ಸಿಯವರ 200 ಮತ್ತು 250 ಎಲ್ಲಿಂದ ಬಂದಿರಬಹುದು? ಕೇಬಲ್‌ನಲ್ಲಿ ದಿನಕ್ಕೆ ಒಟ್ಟು 10,000 ಜನ ವಾರ್ತೆ ನೋಡುತ್ತಾರೆ ಅಂತ ಅವರು ಹಿಡಿದಿದ್ದರೆ, 12 ದಿನಕ್ಕೆ 1,20,000 ನೋಟ. 24,000 ÷ 1,20,000 × 1,000 = 200. ಎರಡನೆಯದರಲ್ಲಿ ಕೇಬಲ್ ಆರು ದಿನಕ್ಕೆ 60,000. ಪೇಪರ್ ಓದುವವರು 4,000, ಮೂರು ಸಲಕ್ಕೆ 12,000. ಆಟೋ ದಿನಕ್ಕೆ 6,000, ನಾಲ್ಕು ದಿನಕ್ಕೆ 24,000. ಒಟ್ಟು 96,000. ಸಿಪಿಎಂ 250. ಲೆಕ್ಕದಲ್ಲಿ ತಪ್ಪಿಲ್ಲ.

ತಪ್ಪು ಇರುವುದು ಯಾರನ್ನು ಎಣಿಸಿದ್ದಾರೆ ಅನ್ನುವುದರಲ್ಲಿ. ಜಿಆರ್‌ಪಿಯನ್ನು ನಿಮ್ಮ 20,000 ರೈತರ ಮೇಲೆ ಲೆಕ್ಕ ಹಾಕಿದರು. ಸಿಪಿಎಂಗೆ ಬರುವಾಗ ಟಿವಿ ಮುಂದೆ ಕೂತ ಎಲ್ಲರನ್ನೂ ಸೇರಿಸಿಕೊಂಡರು. ಕೇಬಲ್ ನೋಡುವ ಆ 10,000 ಜನರಲ್ಲಿ ನಿಮ್ಮ ರೈತರು 4,000. ಉಳಿದ 6,000 ಜನ ಗಂಗಾವತಿ ಪೇಟೆಯವರು, ನೌಕರರು, ವಿದ್ಯಾರ್ಥಿಗಳು. ಒಳ್ಳೆಯ ಜನವೇ, ಆದರೆ ತಾಡಪತ್ರಿ ಕೊಳ್ಳುವುದಿಲ್ಲ. ಅವರನ್ನು ಎಣಿಸಿದಷ್ಟೂ ಸಿಪಿಎಂ ಇಳಿಯುತ್ತದೆ, ನಿಮ್ಮ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿ ಬರುವುದಿಲ್ಲ.

ಎರಡನ್ನೂ ನಿಮ್ಮ ರೈತರ ಮೇಲೆಯೇ ಲೆಕ್ಕ ಹಾಕಿ. 240 ಜಿಆರ್‌ಪಿ ಅಂದರೆ 20,000ದ ಮೇಲೆ 2.4 ಪಟ್ಟು, 48,000 ನೋಟ. 24,000 ÷ 48,000 × 1,000 = 500. ಎರಡೂ ಪ್ಲಾನ್‌ಗೆ 500. ಒಂದೇ ಖರ್ಚು, ಒಂದೇ ಜಿಆರ್‌ಪಿ, ಒಂದೇ ಗುರಿ ಇದ್ದಾಗ ಸಿಪಿಎಂ ಬೇರೆ ಬರಲು ಸಾಧ್ಯವೇ ಇಲ್ಲ. ಬೇರೆ ಬಂದಿದೆ ಅಂದರೆ ನಡುವೆ ಎಲ್ಲೋ ಎಣಿಸುವ ಜನ ಬದಲಾಗಿದ್ದಾರೆ. ಯಾವ ಪ್ಲಾನ್ ಕೈಗೆ ಬಂದರೂ ಈ ಒಂದು ಪರೀಕ್ಷೆ ಮಾಡಿ, ಎರಡು ನಿಮಿಷ ಸಾಕು.

ಸಿಪಿಎಂ ಸಮ ಆದಮೇಲೆ ಕೇಳಬೇಕಾದ್ದು ಬೇರೆ: ಮುಟ್ಟಿದ ಒಬ್ಬ ರೈತನಿಗೆ ಎಷ್ಟು ಖರ್ಚಾಯಿತು? ಮೊದಲನೆಯದರಲ್ಲಿ 24,000 ÷ 6,000, ತಲೆಗೆ 4 ರೂಪಾಯಿ. ಎರಡನೆಯದರಲ್ಲಿ 2 ರೂಪಾಯಿ.

ಇಷ್ಟಕ್ಕೇ ಎರಡನೆಯದು ಅಂತ ತೀರ್ಮಾನ ಮಾಡಿಬಿಡಬೇಡಿ. ಒಂದು ಸಲ ಕೇಳಿದರೆ ಸಾಕಾ ಅನ್ನುವ ಪ್ರಶ್ನೆ ಉಳಿದಿದೆ. 1972ರಲ್ಲಿ ಅಮೆರಿಕದ ಹರ್ಬರ್ಟ್ ಕ್ರುಗ್‌ಮನ್ ಮೂರು ಸಲ ಸಾಕಾಗಬಹುದು ಎಂದು ವಾದಿಸಿದರು. ಮೊದಲ ಸಲ ಜನ ‘ಇದೇನು?’ ಅನ್ನುತ್ತಾರೆ, ಎರಡನೇ ಸಲ ‘ಇದರಿಂದ ನನಗೇನು?’ ಅನ್ನುತ್ತಾರೆ, ಮೂರನೆಯದರಿಂದ ಮುಂದೆ ಬರುವುದೆಲ್ಲ ನೆನಪು ಮಾಡಿಕೊಡುವುದು. ಅವರು ಹೇಳಿದ್ದು ಮನಸ್ಸಿಗೆ ಮುಟ್ಟುವ ಮೂರು ಹಂತಗಳ ಬಗ್ಗೆ. ಆಮೇಲೆ ಬಂದವರು ಅದನ್ನು ‘ಯಾವ ಜಾಹೀರಾತಿಗೂ ಮೂರು ಸಲ ಬೇಕೇ ಬೇಕು’ ಅಂತ ನಿಯಮ ಮಾಡಿಬಿಟ್ಟರು. ಹಾಗಾಗಿ ಪ್ಲಾನ್‌ಗಳಲ್ಲಿ ‘3+ ರೀಚ್’ ಅಂತ ಬರೆದಿರುತ್ತಾರೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೋಡಿದವರು ನೂರಕ್ಕೆ ಎಷ್ಟು ಅಂತ ಅದರ ಅರ್ಥ.

ನಮ್ಮ ನೋಟ್‌ಬುಕ್‌ನಲ್ಲಿ ಅದನ್ನೂ ಎಣಿಸಬಹುದು. ಮೊದಲ ಪ್ಲಾನ್‌ನಲ್ಲಿ 12 + 12, ಅಂದರೆ 24 ಜನ. ಎರಡನೆಯದರಲ್ಲಿ ಮುಟ್ಟಿದ 60 ಜನರಲ್ಲಿ 6 ಜನರಿಗೆ ಒಂದೇ ಸಲ, 22 ಜನರಿಗೆ ಎರಡು ಸಲ, ಉಳಿದ 32 ಜನರಿಗೆ ಮೂರು ಅಥವಾ ಹೆಚ್ಚು ಸಲ ಮುಟ್ಟಿದೆ. ಎರಡೇ ಸಲ ಕೇಳಿದವರು ಯಾಕೆ ಇಷ್ಟು ಜನ ಅಂದರೆ, ಬರೀ ಆಟೋ ಕೂಗು ಕೇಳಿದವರು ಅಲ್ಲಿದ್ದಾರೆ. ಅವರ ಊರಿಗೆ ಆಟೋ ಹೋಗಿದ್ದೇ ಎರಡು ಸಲ. ಹೀಗೆ ನೋಡಿದರೆ ಎರಡನೆಯದರ ಮೇಲುಗೈ ಸಣ್ಣದಾಗುತ್ತದೆ. 30ಕ್ಕೆ ಎದುರು 60 ಇದ್ದದ್ದು 24ಕ್ಕೆ ಎದುರು 32 ಆಯಿತು.

ಯಾವುದನ್ನು ನಂಬಬೇಕು? ಇದು ನೀವು ಏನು ಮಾರುತ್ತೀರಿ ಅನ್ನುವುದರ ಮೇಲೆ ಇದೆ. ತಾಡಪತ್ರಿ ಅಂದರೇನು ಅಂತ ಭತ್ತದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಟಾವು ಮಷಿನ್ ಗದ್ದೆಗೆ ಇಳಿಯುವ ದಿನ ಹತ್ತಿರ ಬಂದಿರುತ್ತದೆ. ಹಸಿ ಭತ್ತವನ್ನು ರಸ್ತೆ ಬದಿಗೆ ಹರವಬೇಕು, ಮೋಡ ಕವಿದರೆ ಮುಚ್ಚಬೇಕು. ಅವನಿಗೆ ಬೇಕಾದ್ದು ಎರಡೇ ಮಾತು: ಎಲ್ಲಿ ಸಿಗುತ್ತದೆ, ರೇಟು ಎಷ್ಟು. ಸರಿಯಾದ ವಾರದಲ್ಲಿ ಒಂದೋ ಎರಡೋ ಸಲ ಕಿವಿಗೆ ಬಿದ್ದರೆ ಸಾಕು. ಹಾಗಾಗಿ ತಾಡಪತ್ರಿಗೆ ರೀಚ್ ನೋಡಿ, ಎರಡನೇ ಪ್ಲಾನ್ ಹಿಡಿಯಿರಿ. ರೈತರು ಇನ್ನೂ ಕಂಡಿಲ್ಲದ ಹೊಸ ಬಗೆಯ ಸ್ಪ್ರೇಯರ್ ತಂದಿದ್ದೀರಿ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಬೇಕು ಅಂದರೆ ಮಾತು ಬೇರೆ. ಅದಕ್ಕೆ ಟಿವಿಯಲ್ಲಿ ಕಣ್ಣಿಗೆ ಕಾಣಬೇಕು, ಮತ್ತೆ ಮತ್ತೆ ಕಾಣಬೇಕು. ಅಲ್ಲಿ ನಾನು 3+ ನೋಡುತ್ತೇನೆ, ಕೇಬಲ್ ದಿನಗಳನ್ನು ಜಾಸ್ತಿ ಮಾಡುತ್ತೇನೆ. ಒಂದೇ ಜಾಹೀರಾತಿನಲ್ಲಿ ಎರಡನ್ನೂ ಸೇರಿಸಬೇಡಿ.

ಇನ್ನು ಈ 20, 16, 18 ಅನ್ನುವ ರೇಟಿಂಗ್ ಎಲ್ಲಿಂದ ಬಂತು ಅಂತ ಏಜೆನ್ಸಿಯವರನ್ನು ಕೇಳಿ. ದೊಡ್ಡ ಟಿವಿ ಚಾನೆಲ್‌ಗಳ ರೇಟಿಂಗ್ ಅನ್ನು ನಮ್ಮ ದೇಶದಲ್ಲಿ ಬಾರ್ಕ್ ಸಂಸ್ಥೆ ಅಳೆಯುತ್ತದೆ. ಆರಿಸಿದ ಮನೆಗಳ ಟಿವಿಗೆ ಮೀಟರ್ ಇಟ್ಟು ಅಳೆಯುವ ಪದ್ಧತಿ ಅದು. ರಾಜ್ಯದ ಮಟ್ಟದಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಗಂಗಾವತಿ ತಾಲೂಕಿನ ಕೇಬಲ್ ಚಾನೆಲ್‌ಗೆ ಅಲ್ಲಿಂದ ಅಂಕಿ ಸಿಗುವುದಿಲ್ಲ. ಪೇಪರ್ ಎಷ್ಟು ಪ್ರತಿ ಮಾರಾಟವಾಗುತ್ತದೆ ಅನ್ನುವುದನ್ನು ಎಬಿಸಿ ಸಂಸ್ಥೆ ತನ್ನ ಸದಸ್ಯ ಪತ್ರಿಕೆಗಳಿಗೆ ಪ್ರಮಾಣೀಕರಿಸುತ್ತದೆ. ಆದರೆ ಪ್ರತಿ ಬೇರೆ, ಓದುಗ ಬೇರೆ. ಹೋಟೆಲಿನ ಒಂದು ಪೇಪರನ್ನು ಬೆಳಗಿನಿಂದ ಹತ್ತು ಜನ ಓದುತ್ತಾರೆ, ಮನೆಗೆ ಬಂದ ಪೇಪರ್ ಕೆಲವು ದಿನ ಮಡಿಕೆ ಬಿಚ್ಚದೆ ಉಳಿಯುತ್ತದೆ. ಆಟೋ ಮೈಕ್‌ಗಂತೂ ಯಾರ ಅಂಕಿಯೂ ಇಲ್ಲ. ಅದಕ್ಕೇ ನೋಟ್‌ಬುಕ್ ಬೇಕು ಅಂದದ್ದು.

ನೋಟ್‌ಬುಕ್‌ಗೂ ಮಿತಿ ಇದೆ. 100 ಜನರನ್ನು ಕೇಳಿದಾಗ 30 ಬಂದರೆ, ನಿಜವಾದದ್ದು 21ರಿಂದ 39ರೊಳಗೆ ಎಲ್ಲಾದರೂ ಇರಬಹುದು. 30 ಮತ್ತು 60ರ ನಡುವಿನ ವ್ಯತ್ಯಾಸ ದೊಡ್ಡದು, ಅದನ್ನು ಧೈರ್ಯವಾಗಿ ನಂಬಬಹುದು. 24 ಮತ್ತು 32ರ ವ್ಯತ್ಯಾಸದ ಮೇಲೆ ಹಣ ಕಟ್ಟಬೇಡಿ, ಇನ್ನೊಂದು ನೂರು ಜನರನ್ನು ಕೇಳಿದರೆ ಅದು ಅಳಿಸಿಯೂ ಹೋಗಬಹುದು. ಕೇಳುವ ಜಾಗವೂ ಮುಖ್ಯ. ಎಪಿಎಂಸಿ ಯಾರ್ಡ್‌ನಲ್ಲೇ ನಿಂತು ನೂರು ಜನರನ್ನೂ ಕೇಳಿಬಿಟ್ಟರೆ, ಗದ್ದೆಯಲ್ಲೇ ದಲ್ಲಾಳಿಗೆ ಭತ್ತ ಕೊಟ್ಟುಬಿಡುವ ರೈತರು ಲೆಕ್ಕಕ್ಕೇ ಸಿಗುವುದಿಲ್ಲ. ಸ್ವಲ್ಪ ಜನರನ್ನು ಯಾರ್ಡ್‌ನಲ್ಲಿ, ಸ್ವಲ್ಪ ಜನರನ್ನು ಗೊಬ್ಬರದ ಅಂಗಡಿ ಮುಂದೆ, ಜಾಸ್ತಿ ಜನರನ್ನು ಹಳ್ಳಿಯ ಕಟ್ಟೆಯ ಮೇಲೆ ಕೇಳಿಸಿ.

ಕೊಂಡದ್ದು ಬಂತೋ ಇಲ್ಲವೋ ನೋಡುವುದನ್ನೂ ಮರೆಯಬೇಡಿ. ಹಿಂದೆ ರಾಯಚೂರು ಕಡೆ ಒಬ್ಬ ಪಂಪ್‌ಸೆಟ್ ವ್ಯಾಪಾರಿಗೆ ನಾನೇ ಪ್ಲಾನ್ ಮಾಡಿದ್ದೆ. ಸಂಜೆಯ ಸ್ಪಾಟ್‌ಗಳೆಲ್ಲ ಸರಿಯಾಗಿ ಪ್ರಸಾರವಾದವು, ಚಾನೆಲ್‌ನವರು ಪಟ್ಟಿಯನ್ನೂ ಕೊಟ್ಟರು. ಅಂಗಡಿಗೆ ಹಳ್ಳಿಯವರು ಯಾರೂ ಬರಲಿಲ್ಲ. ಹೋಗಿ ವಿಚಾರಿಸಿದರೆ ಆ ಹೊತ್ತಿಗೆ ಸುತ್ತಲ ಊರುಗಳಲ್ಲಿ ಕರೆಂಟ್ ಇರುತ್ತಿರಲಿಲ್ಲ. ನನ್ನ ಹಾಳೆಯ ಮೇಲಿದ್ದ ರೇಟಿಂಗ್ ಪೇಟೆಯ ಮನೆಗಳದ್ದಾಗಿತ್ತು. ವ್ಯಾಪಾರಿಯ ಹಣ ಹೋಯಿತು, ನನಗೆ ಬಹಳ ದಿನ ಅದು ಮನಸ್ಸಿನಲ್ಲಿ ಕೊರೆಯಿತು. ಅವತ್ತಿನಿಂದ ಹಳ್ಳಿಗೆ ಕೇಬಲ್ ಕೊಳ್ಳುವ ಮೊದಲು ಕರೆಂಟ್ ಯಾವಾಗ ಹೋಗುತ್ತದೆ ಅಂತ ಕೇಳುತ್ತೇನೆ. ನೀವು ಕೇಬಲ್‌ನವರಿಂದ ದಿನ, ಸಮಯ ಬರೆದ ಟೆಲಿಕಾಸ್ಟ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಜೊತೆಗೆ ಎರಡು ಮೂರು ಊರಿನ ಗಿರಾಕಿಗಳಿಗೆ ಫೋನ್ ಮಾಡಿ ‘ಈಗ ಟಿವಿ ಹತ್ತಿದೆಯಾ’ ಅಂತ ಕೇಳಿ. ಆಟೋಗಾದರೆ ಊರೂರಿನಲ್ಲಿ ನಿಂತ ಫೋಟೋ ವಾಟ್ಸಾಪ್‌ಗೆ ಕಳಿಸಲು ಹೇಳಿ.

ಕೊನೆಗೆ ಎರಡನೇ ಪ್ಲಾನ್‌ನಲ್ಲೇ ಒಂದು ಬದಲಾವಣೆ ಸೂಚಿಸುತ್ತೇನೆ. ಮುಟ್ಟದೇ ಉಳಿದ 40 ಜನರ ಊರು ಯಾವುದು ಅಂತ ನೋಟ್‌ಬುಕ್‌ನಲ್ಲಿ ನೋಡಿ. ಅವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರೆ ಬಿಟ್ಟುಬಿಡಿ. ಕೆಲವೇ ಊರುಗಳಲ್ಲಿ, ಉದಾಹರಣೆಗೆ ಕಾಲುವೆಯ ಕೊನೆ ಭಾಗದ ಹಳ್ಳಿಗಳಲ್ಲಿ ಗುಂಪಾಗಿ ಇದ್ದರೆ ಆಟೋವನ್ನು ಅಲ್ಲಿಗೆ ಕಳಿಸಿ. ಕೇಬಲ್ ದಿನಕ್ಕೆ 2,000, ಆಟೋ ದಿನಕ್ಕೆ 1,500 ಎಂದು ಹಿಡಿದರೆ, ಮೂರು ಕೇಬಲ್ ದಿನ ಬಿಟ್ಟ ಹಣಕ್ಕೆ ನಾಲ್ಕು ಆಟೋ ದಿನ ಬರುತ್ತದೆ. ಕೇಬಲ್‌ನಿಂದ 60 ಪಾಯಿಂಟ್ ಹೋಯಿತು. ಹೊಸ ಊರುಗಳು ದೂರ ದೂರ, ಹಾಗಾಗಿ ಆಟೋಗೆ ದಿನಕ್ಕೆ 10 ಪಾಯಿಂಟ್ ಮಾತ್ರ ಇಟ್ಟುಕೊಳ್ಳಿ. 40 ಬಂತು. ಜಿಆರ್‌ಪಿ 220ಕ್ಕೆ ಇಳಿಯಿತು. ನೋಟಗಳು 44,000, ಸಿಪಿಎಂ 545ಕ್ಕೆ ಏರಿತು. ಹಾಳೆಯ ಮೇಲೆ ಎರಡೂ ಅಂಕಿ ಕೆಟ್ಟವು.

ಈಗ ಜನರನ್ನು ಎಣಿಸಿ. ಕೇಬಲ್ ಕಡಿಮೆ ಮಾಡಿದ್ದಕ್ಕೆ ಇಬ್ಬರು ಕೈತಪ್ಪಿದರು ಎಂದಿಟ್ಟುಕೊಳ್ಳಿ. ಹೊಸ ಊರುಗಳಲ್ಲಿ ಆಟೋ ಕೂಗು ಕೇಳಿದವರಲ್ಲಿ 14 ಜನ ಇದುವರೆಗೆ ಏನೂ ಕೇಳದವರು. 60 − 2 + 14 = 72. 20,000ದಲ್ಲಿ 14,400 ರೈತರು, ತಲೆಗೆ 1 ರೂಪಾಯಿ 67 ಪೈಸೆ. ಸರಾಸರಿ ಮೂರು ಸಲ. ಮೂರಕ್ಕಿಂತ ಹೆಚ್ಚು ಸಲ ಕೇಳುವವರು ಇಲ್ಲಿ ಕಡಿಮೆಯಾಗುತ್ತಾರೆ. ಸ್ಪ್ರೇಯರ್‌ಗಾದರೆ ನಾನು ಇದನ್ನು ಒಪ್ಪುತ್ತಿರಲಿಲ್ಲ, ತಾಡಪತ್ರಿಗೆ ಒಪ್ಪುತ್ತೇನೆ. ಏಜೆನ್ಸಿಯವರು ‘ಜಿಆರ್‌ಪಿ ಇಳಿಯುತ್ತೆ ಸರ್’ ಅಂತಾರೆ. ಇಳಿಯಲಿ, ರೀಚ್ ಎಷ್ಟು ಬರುತ್ತದೆ ಬರೆದುಕೊಡಿ ಅಂತ ಕೇಳಿ. ಹೊಸ ಊರುಗಳ ಆಟೋ ದಿನಗಳನ್ನು, ಆ ಕಡೆ ಕಟಾವು ಮಷಿನ್ ಬರುವ ಮೂರು ನಾಲ್ಕು ದಿನ ಮುಂಚೆ ಇಟ್ಟುಕೊಳ್ಳಿ.